ಕೆಂಡವರಿಯದ ಕಾಲು

೧೯೬೮ನೆಯ ಇಸವಿ ಏಪ್ರಿಲ್ ಹತ್ತನೆಯ ತಾರೀಖು, ಬುಧವಾರ, ಹೊತ್ತು ಮೂಡುವ ಸಮಯ. ಮಸ್ಕಿಯಿಂದ ಎರಡು ಹರದಾರಿ ದೂರದ ಒಂದು ಊರಿನಲ್ಲಿ, ಮೊಹರಂ ಹಬ್ಬದ ಅಲಾಯಿ ಕುಣಿಯ, ಎಂದರೆ ಬೆಂಕಿಗುಂಡಿಯ, ಕೆಂಡದ ಮೇಲೆ ಗಾಳೆಪ್ಪ ಎಂಬ ಕೂಲಿಕಾರನನ್ನು ಬರಿಗಾಲಲ್ಲಿ ನಡೆಸಲಾಯಿತು. ಆತನ ಪಾದಗಳಿಗೆ ಸ್ಪರ್ಶಜ್ಞಾನವಿರಲಿಲ್ಲ. ಕುಷ್ಠರೋಗವು ಅವುಗಳ ನರಗಳನ್ನು ಎಂದೋ ಕೆಡಿಸಿತ್ತು. ನಡೆಸಿದವರಿಗೆ ಇದು ಗೊತ್ತಿತ್ತು, ಗೊತ್ತಿದ್ದೇ ನಡೆಸಿದರು.

ಗಾಳೆಪ್ಪ ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಲಸಕ್ಕೆ ಸೇರಿದ್ದು ೧೯೫೬ರಲ್ಲಿ. ದಢೇಸುಗೂರಿನ ಕಡೆ ಮಣ್ಣು ಹೊತ್ತ, ಕಲ್ಲು ಒಡೆದ. ಬೆನ್ನ ಮೇಲೆ ರೂಪಾಯಿ ಅಗಲದ ಒಂದು ಮಾಸಲು ಮಚ್ಚೆ ಎದ್ದದ್ದನ್ನು ಮೊದಲು ಕಂಡವಳು ಹೆಂಡತಿ ಕನಕಮ್ಮ. ತುರಿಕೆಯಿಲ್ಲ, ಉರಿಯಿಲ್ಲ. ಇಬ್ಬರೂ ಅದನ್ನು ಮರೆತರು.

ಒಂದು ಸಂಜೆ ಆತ ಕೆಲಸದಿಂದ ಬಂದು ನೀರು ಕುಡಿಯುತ್ತಿದ್ದಾಗ ಸಾರಿಸಿದ ನೆಲದ ಮೇಲೆ ರಕ್ತದ ಹೆಜ್ಜೆಗಳು ಕಂಡವು. ಹೊಸ್ತಿಲು ದಾಟಿ ಒಲೆಯ ತನಕ ಹೋಗಿ, ಅಲ್ಲಿಂದ ನೀರಿನ ಕೊಡದತ್ತ ತಿರುಗಿದ್ದವು.

"ಯಾರರ ಒಳಗ ಬಂದಾರೇನಬೇ?" ಎಂದು ಆತ ಪಿಸುಗುಟ್ಟಿದ.

ಕನಕಮ್ಮ ದೀಪ ಹಿಡಿದು ಬಂದಳು. ಇಬ್ಬರೂ ಆ ಹೆಜ್ಜೆಗಳ ಜಾಡು ಹಿಡಿದು ಹೋದರು. ಜಾಡು ಗಾಳೆಪ್ಪನಲ್ಲಿಗೇ ಬಂದು ನಿಂತಿತು. ಆತನ ಅಂಗಾಲಿನಲ್ಲಿ ಬೆರಳುದ್ದದ ಕಲ್ಲಿನ ಚೂರು ನಾಟಿತ್ತು. ಅದನ್ನು ಕಿತ್ತಾಗಲೂ ಆತ ಹೆಂಡತಿಯ ಮುಖವನ್ನೇ ನೋಡುತ್ತಿದ್ದ, ಬೇರೆ ಯಾರದೋ ಕಾಲಿನ ಮುಳ್ಳು ತೆಗೆಯುತ್ತಿದ್ದಾಳೆಂಬಂತೆ.

ಮುಂದೆ ಬಲಗಾಲಿನ ಪಾದ ಮೇಲೇಳದಾಯಿತು. ಮೊಣಕಾಲಿನ ಹೊರಮಗ್ಗುಲಲ್ಲಿ, ಎಲುಬಿಗೆ ಸುತ್ತಿಕೊಂಡು ಇಳಿಯುವ ನರವೊಂದು ಸತ್ತರೆ ಪಾದ ಜೋತುಬೀಳುತ್ತದೆ. ಹೆಜ್ಜೆಯಿಡಲು ಆತ ಮೊಣಕಾಲನ್ನು ಎತ್ತರಕ್ಕೆ ಎತ್ತಬೇಕಾಗುತ್ತಿತ್ತು. ಪಾದ ಹಿಂದಿನಿಂದ ಪಟ್ಟನೆ ನೆಲಕ್ಕೆ ಬಡಿಯುತ್ತಿತ್ತು. ಒಂಟಿ ದಾರಿಯಲ್ಲಿ ಆ ಸಪ್ಪಳ ಕೇಳಿ ಆತ ಎಷ್ಟೋ ಸಲ ತಿರುಗಿ ನೋಡಿದ್ದುಂಟು. ತನ್ನ ಹೆಜ್ಜೆ ನೆಲ ಮುಟ್ಟಿದ್ದು ತನಗೆ ತಿಳಿಯುತ್ತಿರಲಿಲ್ಲ, ಕಿವಿಗೆ ಮಾತ್ರ ತಿಳಿಯುತ್ತಿತ್ತು. ಹೀಗಾಗಿ ಹಿಂದೆ ಯಾರೋ ಬರುತ್ತಿರುವಂತೆಯೇ ಇತ್ತು. ಬಲಗೈಯಲ್ಲಿ ಮೊದಲು ಕಿರುಬೆರಳು, ಉಂಗುರಬೆರಳು ಮಡಚಿಕೊಂಡವು; ಆಮೇಲೆ ನಾಲ್ಕೂ ಬೆರಳು ಹದ್ದಿನ ಉಗುರಿನಂತೆ ಒಳಕ್ಕೆ ಬಾಗಿದವು. ಗುದ್ದಲಿಯ ಕಾವು ಆ ಹಿಡಿತದಲ್ಲಿ ನಿಲ್ಲಲಿಲ್ಲ.

ಊರು ಆತನನ್ನು ಹೊರಗೆ ಹಾಕುವುದರಲ್ಲಿತ್ತು. ಅಷ್ಟರಲ್ಲಿ ೧೯೬೨ರ ಮೊಹರಂ ಬಂದಿತು.

ಗಾಳೆಪ್ಪ ಹರಕೆ ಹೊತ್ತು ಕುಣಿಗೆ ಇಳಿದ. ಉಳಿದವರು ನಾಲ್ಕು ನೆಗೆತಕ್ಕೆ ಕೆಂಡ ದಾಟಿ ಹೋದರೆ, ಈತ ಜೋತ ಪಾದವನ್ನೆಳೆಯುತ್ತ ನಿಧಾನವಾಗಿ ನಡೆದ. ನಡುವೆ ನಿಂತು ಅಲಾಯಿ ದೇವರಿಗೆ ಕೈಮುಗಿದ. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಹಲಗೆ ಬಡಿಯುವವರ ಕೈ ನಿಂತವು. ಒಬ್ಬಳು ಮುದುಕಿ ಓಡಿಬಂದು ಆತನ ಕಾಲಿಗೆ ಬಿದ್ದಳು. ಅಂದಿನಿಂದ ಆತ ಬೆಂಕಿ ಮುಟ್ಟದ ಗಾಳೆಪ್ಪ. ಹೊರಗೆ ಹಾಕುವ ಮಾತು ಅಲ್ಲಿಗೆ ಅಡಗಿತು. ಪ್ರತಿ ವರ್ಷ ಆತ ಲೋಹದ ಹಸ್ತದ ರೂಪದ ಆ ದೇವರನ್ನು ಹೊತ್ತು ಕೆಂಡ ಹಾಯುತ್ತಿದ್ದ. ಪ್ರತಿ ವರ್ಷ ಬೊಬ್ಬೆ ಎದ್ದು, ಒಡೆದು, ಹೆಬ್ಬೆರಳ ಬುಡದ ಅಂಗಾಲಿನಲ್ಲಿ ಹುಣ್ಣು ಆಳಕ್ಕಿಳಿಯುತ್ತಿತ್ತು. ಕನಕಮ್ಮ ಅರಿಶಿನ ಮೆತ್ತಿ ಬಟ್ಟೆ ಕಟ್ಟುತ್ತಿದ್ದಳು. ಜನ ವಾಸನೆಯನ್ನು ಲೋಬಾನದ ಹೊಗೆಯಲ್ಲಿ ಮರೆಸುತ್ತಿದ್ದರು.

ಕುಷ್ಠರೋಗದ ತಪಾಸಣೆಗೆಂದು ಲಿಂಗಸುಗೂರಿನಿಂದ ಸೈಕಲ್ಲಿನ ಮೇಲೆ ಬರುತ್ತಿದ್ದ ಸರ್ಕಾರಿ ನೌಕರ ರಾಜೇಸಾಬ್ ಆತನನ್ನು ಕಂಡದ್ದು ೧೯೬೪ರಲ್ಲಿ. ಮೊಣಕೈಯ ಹಿಂದಿನ ಸಂದಿಯಲ್ಲಿ ಬೆರಳಾಡಿಸಿ ನೋಡಿದರು. ನರ ಹಗ್ಗದಂತೆ ದಪ್ಪಗಿತ್ತು.

"ಇದು ದೇವರ ಕೆಲಸ ಅಲ್ಲೋ ಗಾಳೆಪ್ಪ, ರೋಗದ್ದು. ಗುಳಿಗಿ ಕೊಡ್ತೀನಿ, ರೋಗ ನಿಲ್ತದ. ಆದ್ರ ಸತ್ತ ನರ ತಿರುಗಿ ಬರಂಗಿಲ್ಲ."

"ಮತ್ತ ಕೆಂಡ ಯಾಕ ಸುಡಂಗಿಲ್ರೀ ನನ್ನ?"

"ಸುಡ್ತದ. ನಿನಗ ಹೇಳಂಗಿಲ್ಲ, ಅಷ್ಟ."

ಆ ಮಾತು ಗಾಳೆಪ್ಪನ ಎದೆಯಲ್ಲಿ ತಣ್ಣಗೆ ಕುಳಿತಿತು. ಮೂರು ವರ್ಷ ಗುಳಿಗೆ ನುಂಗಿದ ಮೇಲೆ, ೧೯೬೭ರ ಮೊಹರಂ ಕಳೆದದ್ದೇ ರಾಜೇಸಾಬ್ ಆತನನ್ನು ದೂರದ ಕುಷ್ಠರೋಗದ ಆಸ್ಪತ್ರೆಯೊಂದಕ್ಕೆ ಕಳಿಸಿದರು. ಅಲ್ಲಿ ಮೊದಲು ಕಾಲಿಗೆ ಸುಣ್ಣದಂಥ ಪಟ್ಟಿ ಸುತ್ತಿ ಬಿಗಿದರು. ಔಷಧಿಗಿಂತ, ಭಾರ ಒಂದೇ ಕಡೆ ಬೀಳದಂತೆ ಮಾಡಿದ್ದರಿಂದಲೇ ಹುಣ್ಣು ಮಾಯ್ದಿತು. ಆನಂತರ ಕೈ. ನಡುಬೆರಳನ್ನು ಮಡಚುವ ಎರಡು ಸ್ನಾಯುರಜ್ಜುಗಳಲ್ಲಿ ಒಂದನ್ನು ಬಿಡಿಸಿ, ನಾಲ್ಕು ಎಳೆಗಳಾಗಿ ಸೀಳಿ, ಅಂಗೈಯೊಳಗಿಂದ ನಾಲ್ಕೂ ಬೆರಳಿಗೆ ಹಾಯಿಸಿ ಹೊಲಿದರು. ಮೂರು ವಾರದ ನಂತರ ಪಟ್ಟಿ ಬಿಚ್ಚಿ, ವ್ಯಾಯಾಮ ಕಲಿಸುವ ನರ್ಸು, "ನಡುಬೆರಳು ಮಡಚಬೇಕು ಅಂತ ಮನಸ್ಸು ಮಾಡಪ್ಪ" ಎಂದಳು.

ಗಾಳೆಪ್ಪ ಮನಸ್ಸು ಮಾಡಿದ. ನಾಲ್ಕೂ ಬೆರಳು ಬುಡದಲ್ಲಿ ಬಾಗಿ, ತುದಿಯಲ್ಲಿ ನೆಟ್ಟಗಾಗಿ ಮುಂದೆ ಬಂದವು. ಒಬ್ಬನನ್ನು ಕರೆದರೆ ಮನೆಮಂದಿಯೆಲ್ಲ ಎದ್ದು ಬಂದ ಹಾಗೆ. ಆತ ಕೂಗಿ ಕೈ ಹಿಂದಕ್ಕೆಳೆದುಕೊಂಡ. ಕೈ ಹೇಳಿದ ಮಾತು ಕೇಳುತ್ತಿತ್ತು, ಮರುಮಾತು ಮಾತ್ರ ಆಡುತ್ತಿರಲಿಲ್ಲ: ಬಿಸಿ ತಟ್ಟೆಯೋ ತಣ್ಣನೆಯ ಕಂಬಿಯೋ ಎಂಬುದು ಆ ಹೊಸ ಕೈಗೂ ತಿಳಿಯದು. "ಇನ್ನ ಮ್ಯಾಲೆ ನಿನ್ನ ಕಣ್ಣೇ ನಿನ್ನ ಚರ್ಮ" ಎಂದು ನರ್ಸು ತಾಕೀತು ಮಾಡಿದಳು. ದಿನಾ ಕೈಕಾಲು ನೀರಲ್ಲಿ ನೆನೆಸಬೇಕು, ದಡ್ಡುಗಟ್ಟಿದ ಚರ್ಮ ತಿಕ್ಕಬೇಕು, ಎಣ್ಣೆ ಹಚ್ಚಬೇಕು. ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಕಾದ ಪಾತ್ರೆಯನ್ನು ಬಟ್ಟೆಯಿಲ್ಲದೆ ಹಿಡಿಯಬಾರದು. ಮೊಳೆಯಿಲ್ಲದೆ ಹೊಲಿದ, ಒಳಗೆ ಮೆತ್ತನೆಯ ರಬ್ಬರಿರುವ ಚಪ್ಪಲಿ ಬಿಟ್ಟು ಒಂದು ಹೆಜ್ಜೆಯೂ ಇಡಬಾರದು.

ಕಾಲಿನ ಶಸ್ತ್ರಕ್ರಿಯೆಗೆ ೧೯೬೮ರ ಜೂನ್ ತಿಂಗಳು ಗೊತ್ತಾಯಿತು. ಪಾದವನ್ನು ಒಳಕ್ಕೆ ತಿರುಗಿಸುವ ಸ್ನಾಯು ಇನ್ನೂ ಜೀವಂತವಾಗಿತ್ತು. ಅದರ ರಜ್ಜುವನ್ನು ಮುಂದಕ್ಕೆ ತಂದು ಹೊಲಿದರೆ ಪಾದ ಎದ್ದು ನಿಲ್ಲುವುದು. ಷರತ್ತು ಒಂದೇ. ಕಾಲಿನ ಮೇಲೆ ಒಂದು ಗಾಯವೂ ಇರಕೂಡದು. ಗಾಯದ ಕಾಲಿಗೆ ಕತ್ತಿ ಮುಟ್ಟಿಸಿದರೆ ವಿಷ ಒಳಗಿಳಿಯುತ್ತದೆ.

ಗಾಳೆಪ್ಪ ಮನೆಗೆ ಬಂದ. ಬೆರಳು ನೆಟ್ಟಗಾದ ಕೈಯನ್ನು ನೋಡಿ ಊರು ಬೆಕ್ಕಸಬೆರಗಾಯಿತು. ಆಸ್ಪತ್ರೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಂಡ ಹಾಯ್ದ ಫಲವೆಂದರು. ಮೊಹರಂ ಮುಂಚಿನ ದಿನ ಊರಗೌಡ ಆದಪ್ಪ ಕಟ್ಟೆಗೆ ಕರೆಸಿದ. ರಾಜೇಸಾಬ್ ಎರಡು ಸಲ ಬಂದು ಗೌಡನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದರೆಂಬುದನ್ನು ಇಲ್ಲಿ ನೆನಪಿಡಬೇಕು.

"ಏನಲೇ ಗಾಳ್ಯಾ, ಮದಿಮಗನಂಗ ಹೊಸ ಚಪ್ಲಿ ಮೆಟ್ಟೀದಿ! ನಾಳಿಗೆ ಬಿಡಬೇಕಲ?"

"ಗೌಡ್ರ, ಈ ವರ್ಷ ನನ್ನ ಕೈ ಬಿಡ್ರೀ. ಜೂನಿನ್ಯಾಗ ಕಾಲು ಕೊಯ್ಯಾಕ ಕರದಾರ. ಗಾಯ ಇರಬಾರದಂತ್ರೀ."

"ಬೆಂಕಿ ಮುಟ್ಟದಾಂವಗ ಗಾಯ ಎಲ್ಲಿದಲೇ?"

ಮುಜಾವರ ಶಾವಲಿ ಪಕ್ಕದಲ್ಲೇ ಕುಳಿತಿದ್ದ. ಅಲಾಯಿ ದೇವರಿಗೆ ಸೇವೆ ಮಾಡುವವನು ಅವನೇ. "ಗೌಡ್ರ, ದೇವ್ರು ಯಾರ ಕಾಲೂ ಕೇಳಿಲ್ರೀ. ನಾ ಹೊತ್ತು ಹಾಯ್ತೀನಿ, ನನ್ನ ಕಾಲಿಗೆ ಉರಿ ಗೊತ್ತದ, ಬಿರಬಿರನ ದಾಟ್ತೀನಿ" ಎಂದ.

"ನಿನ್ನ ನೋಡಾಕ ಸಾಲಗುಂದಿಯಿಂದ ಬಂಡಿ ಕಟಿಗಂಡು ಬರ್ತಾರೇನೋ ಸಾಬ? ಸುಮ್ಕಿರು." ಗೌಡ ಗಾಳೆಪ್ಪನತ್ತ ತಿರುಗಿದ. ದನಿ ತಗ್ಗಿಸಿದ. "ಕೇಳು. ನೀ ಕೆಂಡ ಹಾಯ್ದರ ದೇವರ ಮನಶ್ಯಾ. ಹಾಯಲಿಲ್ಲಂದ್ರ ದೊಡ್ಡರೋಗದಾಂವ. ದೊಡ್ಡರೋಗದಾಂವ ಊರಾಗ ಇರಂಗಿಲ್ಲ, ಅವನ ಹೇಣ್ತಿ ಭಾವಿಗೆ ಬರಂಗಿಲ್ಲ. ಎರಡರಾಗ ಒಂದು ಹೇಳು."

ಗಾಳೆಪ್ಪ ಮರುದಿನ ಬೆಳಗಿಗೆ ಕುಣಿಯ ಅಂಚಿನಲ್ಲಿ ಚಪ್ಪಲಿ ಬಿಚ್ಚಿದ.

ಆತ ಇಳಿದಾಗ ಗಾಳಿ ನಿಂತಿತ್ತು. ಕೆಂಡ ಬೂದಿಯೊಳಗಿಂದ ಉಸಿರಾಡುತ್ತಿತ್ತು. ಎಡಗಾಲು ಇಟ್ಟ, ಏನೂ ಇಲ್ಲ, ಹಸಿ ಹೊಲದ ಮೇಲೆ ಇಟ್ಟ ಹಾಗೆ. ಬಲಗಾಲನ್ನು ಎತ್ತರಕ್ಕೆ ಎತ್ತಿದ. ಜೋತ ಬೆರಳುಗಳು ನೇಗಿಲಿನಂತೆ ಕೆಂಡವನ್ನು ಉಳುತ್ತ ಸಾಗಿದವು. ಆಸ್ಪತ್ರೆಯಲ್ಲಿ ಕಲಿತದ್ದನ್ನು ಮರೆಯದೆ ಆತ ಕಣ್ಣು ಕೆಳಗಿಟ್ಟು ನೋಡುತ್ತಲೇ ನಡೆದ. ಕಣ್ಣಿಗೆ ಬೆಂಕಿ ಕಾಣುತ್ತಿತ್ತು, ಕಾಲಿಗೆ ಕಾಣುತ್ತಿರಲಿಲ್ಲ. ಎರಡರಲ್ಲಿ ಯಾವುದನ್ನು ನಂಬಬೇಕೆಂಬುದು ಅರೆಗಳಿಗೆ ತೋಚದೆ ಹೋಯಿತು. ಆಗ ಮೂಗಿಗೆ ವಾಸನೆ ಬಡಿಯಿತು, ಮಾಂಸ ಸುಡುವ ವಾಸನೆ. ಯಾರ ಮನೆಯಲ್ಲಿ ಕಂದೂರಿಯ ಬಾಡೂಟ ಮಾಡುತ್ತಿದ್ದಾರೋ ಎಂದುಕೊಂಡ. ಮರುಕ್ಷಣ ಅದು ಯಾರ ಮನೆಯದೂ ಅಲ್ಲವೆಂದು ತಿಳಿಯಿತು. ಸುತ್ತಲೂ ಜನ ಜಯಕಾರ ಹಾಕುತ್ತಿದ್ದರು.

ಮನೆಯಲ್ಲಿ ಕನಕಮ್ಮ ಕಾಲು ತೊಳೆಯಲು ಕುಳಿತಾಗ ಎರಡು ಬೆರಳುಗಳ ನಡುವಿನಿಂದ ಕರಿಕಾದ ಕೆಂಡದ ತುಂಡೊಂದು ನೀರಿಗೆ ಬಿದ್ದು ಚುಸ್ಸೆಂದಿತು. ಅಷ್ಟು ಹೊತ್ತೂ ಅದು ಅಲ್ಲೇ ಉರಿದಿತ್ತು. ಅವಳು ತಂಬಿಗೆ ಬಿಟ್ಟು ಎದ್ದು ಹೊರಗೆ ಹೋದಳು.

ಜೂನಿನಲ್ಲಿ ಆಸ್ಪತ್ರೆಯ ವೈದ್ಯರು ಕಟ್ಟು ಬಿಚ್ಚಿ ನೋಡಿದರು. ಎಲುಬು ಕೊಳೆತಿತ್ತು. ರಜ್ಜು ಕೂಡಿಸುವ ಮಾತು ಅಲ್ಲಿಗೆ ಮುಗಿಯಿತು; ಬಲಪಾದದ ಬೆರಳುಗಳನ್ನೂ ಅವುಗಳ ಹಿಂದಿನ ಎಲುಬನ್ನೂ ತೆಗೆಯಬೇಕಾಯಿತು. ಎದ್ದು ನಿಲ್ಲಬೇಕಾಗಿದ್ದ ಪಾದ ಅರ್ಧವಾಗಿ ಮನೆಗೆ ಬಂದಿತು. ಕೆಂಡ ಹಾಯಲಾರದ ಗಾಳೆಪ್ಪನನ್ನು ಊರು ಮುಂದಿನ ಮೊಹರಂ ಹೊತ್ತಿಗೆ ಕಾಲುವೆಯ ಏರಿಯ ಮೇಲಿನ ಗುಡಿಸಲಿಗೆ ಕಳಿಸಿತು. ಶಾವಲಿಯೊಬ್ಬನೇ ಹಬ್ಬದ ಸಿಹಿರೊಟ್ಟಿ ಚೊಂಗೆ ಕಟ್ಟಿಕೊಂಡು ಅಲ್ಲಿಗೆ ಹೋಗಿ ಬರುತ್ತಿದ್ದ.

ಗೌಡ ಮತ್ತೊಬ್ಬನನ್ನು ಹುಡುಕಿದ. ಕುಣಿಯಲ್ಲಿ ಯಾರು ಓಡುವುದಿಲ್ಲವೋ, ಯಾರ ಮುಖ ಸುಕ್ಕುಗಟ್ಟುವುದಿಲ್ಲವೋ ಅವನೇ ದೇವರ ಮನುಷ್ಯ. ನಾಲ್ಕು ವರ್ಷ ಕಾದ ಮೇಲೆ ಅಂಥವನೊಬ್ಬ ಸಿಕ್ಕ: ಕುರಿ ಕಾಯುವ ಮುದುಕಪ್ಪ. ಈ ೧೯೭೩ರ ಜನವರಿಯಲ್ಲಿ ಆ ಸುದ್ದಿ ಏರಿಯ ಮೇಲಿನ ಗುಡಿಸಲನ್ನು ಮುಟ್ಟಿತು.

ಗಾಳೆಪ್ಪ ಕೋಲೂರಿಕೊಂಡು ಕುರಿಹಟ್ಟಿಗೆ ಹೋದ.

"ಬಾರೋ ಮಾವ, ಕೆಂಡದ ಪಾಠ ಹೇಳಾಕ ಬಂದೇನು?" ಎಂದು ಮುದುಕಪ್ಪ ನಕ್ಕ.

"ಕಣ್ಣು ಮುಚ್ಚು. ಮುಟ್ಟಿದ್ದು ಎಲ್ಲಿ ಅಂತ ಹೇಳು."

ಗಾಳೆಪ್ಪ ಒಂದು ಹುಲ್ಲುಕಡ್ಡಿ ಹಿಡಿದು ಅವನ ಅಂಗಾಲಿಗೆ ಮುಟ್ಟಿಸಿದ. ಕಡ್ಡಿ ತನ್ನ ಬೆರಳಲ್ಲಿ ಇದೆಯೋ ಇಲ್ಲವೋ ಎಂದು ಕಣ್ಣಿನಿಂದಲೇ ನೋಡಿಕೊಳ್ಳಬೇಕಿತ್ತು. ಹಿಮ್ಮಡಿಗೆ ಮುಟ್ಟಿಸಿದ, ಹೆಬ್ಬೆರಳ ಬುಡಕ್ಕೆ ಒತ್ತಿದ. ಕಡ್ಡಿ ಬಾಗಿತು. ಅದರ ಒಂದು ತುದಿಗೂ ಸುದ್ದಿಯಿಲ್ಲ, ಇನ್ನೊಂದು ತುದಿಗೂ ಸುದ್ದಿಯಿಲ್ಲ.

"ಯಾವಾಗ ಮುಟ್ಟತೀಯೋ ಮಾವ?" ಎಂದು ಮುದುಕಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದ.

ಮುದುಕಪ್ಪನ ಪಾದ ಇನ್ನೂ ಜೋತುಬಿದ್ದಿಲ್ಲ, ಅಂಗಾಲಿನಲ್ಲಿ ಹುಣ್ಣಿಲ್ಲ. ಇಂದು ಗುಳಿಗೆ ಹಿಡಿದರೆ, ಕಾಲಿಗೆ ಚಪ್ಪಲಿ ಬಿದ್ದರೆ, ಉಳಿದಿರುವ ನರವೂ ಉಳಿದೀತು, ಕಾಲೂ ಉಳಿದೀತು. ಬರುವ ತಿಂಗಳು ಮೊಹರಂ. ಆದ್ದರಿಂದ, ಆದಪ್ಪಗೌಡರೇ, ಆ ಕಟ್ಟೆಯ ಮೇಲೆ ಕೂಡುವ ಹಿರಿಯರೇ, ನಿಮಗಿದು ಬಿನ್ನಹವಲ್ಲ, ತಗಾದೆ: ಅಲಾಯಿ ಕುಣಿಗೆ ಕಟ್ಟಿಗೆ ಬೀಳುವ ಮೊದಲು ಮುದುಕಪ್ಪನನ್ನು ರಾಜೇಸಾಬರ ಕೈಗೆ ಒಪ್ಪಿಸಿರಿ. ರೋಗವಿದ್ದವನು ಕೆಂಡ ಹಾಯದೆಯೂ ಊರೊಳಗಿರಬಹುದೆಂದು, ಅವನ ಹೆಂಡತಿ ಭಾವಿಗೆ ಬರಬಹುದೆಂದು ಡಂಗುರ ಸಾರಿಸಿರಿ. ಗಾಳೆಪ್ಪನನ್ನೂ ಕನಕಮ್ಮನನ್ನೂ ಅವರ ಮನೆಗೆ ಮರಳಿ ಕರೆತನ್ನಿರಿ. ಕರೆಯಲು ನೀವೇ ನಡೆದು ಹೋಗಿರಿ.