ತಪ್ಪಿದ ಮೂರು ಶಬ್ದಗಳು

ಸೋಮವಾರ ಬೆಳಿಗ್ಗೆ ಮೊದಲ ಬಸ್ಸು ತಪ್ಪಿ ತಡವಾಗಿ ಬಂದ ಮೌನೇಶ್ವರಿ ಕ್ಲಾಸಿನೊಳಗೆ ಕಾಲಿಟ್ಟಾಗ ಮಾತು ನಿಂತಿತು. ಆರು ಜನ ಹುಡುಗಿಯರು ಒಮ್ಮೆಲೇ ತಮ್ಮ ನೋಟ್‌ಬುಕ್ಕಿನಲ್ಲಿ ಏನನ್ನೋ ಹುಡುಕತೊಡಗಿದರು. ಯಾವಾಗಲೂ ಪಕ್ಕದಲ್ಲಿ ಜಾಗ ಹಿಡಿದಿಡುವ ಗೆಳತಿ ಇವತ್ತು ಆ ಜಾಗದ ಮೇಲೆ ತನ್ನ ಬ್ಯಾಗು ಇಟ್ಟುಕೊಂಡಿದ್ದಳು. ಮೌನೇಶ್ವರಿ ಹಿಂದಿನ ಬೆಂಚಿಗೆ ಹೋಗಿ ಕುಳಿತಳು.

ಸಿಂಧನೂರಿನ ಬಸ್ ಸ್ಟ್ಯಾಂಡಿನ ಹಿಂದುಗಡೆ, ಮಕ್ತುಮ್‌ಸಾಬ್ ಅವರ ಹೊಲಿಗೆ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ನರ್ಸುಗಳಿಗೆ ಜರ್ಮನ್ ಕಲಿಸುತ್ತಿದ್ದರು. ಕಲಿಸುವವರು ಮಸ್ಕಿಯ ವಿಜಯಶ್ರೀ ಮೇಡಂ. ತುರ್ವಿಹಾಳದಿಂದ ಬರುವ ಮೊದಲ ಬಸ್ಸಿಗೆ ಮೌನೇಶ್ವರಿ ಎಲ್ಲರಿಗಿಂತ ಮುಂಚೆ ಬಂದು, ಮಕ್ತುಮ್‌ಸಾಬ್ ಅವರಿಂದ ಬೀಗದ ಕೈ ಇಸಿದುಕೊಂಡು, ಕೋಣೆ ತೆಗೆದು, ಕಸ ಹೊಡೆದು, ಓದುತ್ತ ಕೂಡುತ್ತಿದ್ದಳು. ಮನೆಯಲ್ಲಿ ಓದಲು ಆಗುವುದಿಲ್ಲ. ಎರಡು ವರ್ಷದ ಮಗಳು ಪುಸ್ತಕ ಕಂಡರೆ ಅದರ ಮೇಲೆಯೇ ಕೂಡುತ್ತಾಳೆ. ಮಧ್ಯಾಹ್ನದಿಂದ ನರ್ಸಿಂಗ್ ಹೋಮಿನ ಡ್ಯೂಟಿ. ಗಂಡ ಹನುಮಂತು ಭತ್ತ ಕೊಯ್ಯುವ ಮಶೀನು ನಡೆಸುತ್ತ ಸುಗ್ಗಿಯುದ್ದಕ್ಕೂ ಊರೂರು ತಿರುಗುವವನು. ಓದಿಗೆ ಅವಳಿಗೆ ಉಳಿದದ್ದು ಮುಂಜಾನೆಯ ಆ ಒಂದು ತಾಸು ಮಾತ್ರ.

ಶನಿವಾರದ ಪರೀಕ್ಷೆಯಲ್ಲಿ ಇಪ್ಪತ್ತು ವಾಕ್ಯ, ಪ್ರತಿ ವಾಕ್ಯದಲ್ಲಿ ಅಡಿಗೆರೆ ಎಳೆದ ಒಂದು ಶಬ್ದ, ಅದಕ್ಕೆ ಮೂರು ಅರ್ಥ. ಸರಿಯಾದುದನ್ನು ಗುರುತಿಸಬೇಕು. ಅರ್ಧಕ್ಕಿಂತ ಹೆಚ್ಚು ಶಬ್ದ ಕ್ಲಾಸಿನಲ್ಲಿ ಬಂದೇ ಇರಲಿಲ್ಲ. ಬೇಕೆಂದೇ ಹಾಗೆ ತೆಗೆದಿದ್ದರು. ಮೌನೇಶ್ವರಿಗೆ ಹದಿನೇಳು ಬಂದಿತ್ತು. ಲಿಂಗಸುಗೂರಿನ ಕಿರಾಣಿ ವ್ಯಾಪಾರಿಯ ಮಗಳು ಶಿವಕುಮಾರಿಗೆ ಹನ್ನೊಂದು. ಇಡೀ ಡಿಕ್ಷನರಿಯನ್ನೇ ಮೊದಲ ಪುಟದಿಂದ ಬಾಯಿಪಾಠ ಮಾಡುತ್ತಿರುವ ಹುಡುಗಿ ಶಿವಕುಮಾರಿ. ಮೌನೇಶ್ವರಿಯೋ ನಿನ್ನೆ ಕಲಿಸಿದ ಹತ್ತು ಶಬ್ದದಲ್ಲಿ ಐದನ್ನು ಇವತ್ತು ಮರೆಯುವವಳು ಎಂದು ಎಲ್ಲರಿಗೂ ಗೊತ್ತು.

ಜರ್ಮನಿಯ ಒಂದು ಆಸ್ಪತ್ರೆಯ ಸಂದರ್ಶನಕ್ಕೆ ಈ ಕ್ಲಾಸಿನಿಂದ ನಾಲ್ಕು ಹೆಸರು ಕಳಿಸಬೇಕಿತ್ತು. ಕಳಿಸುವ ಕಡೆಯ ದಿನ ಇವತ್ತೇ.

“ಮೌನೇಶ್ವರಿ, ಮುಂದ ಬಾ,” ಎಂದರು ವಿಜಯಶ್ರೀ ಮೇಡಂ. ದನಿ ಜೋರಿರಲಿಲ್ಲ. ಜೋರಿದ್ದರೇ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಮೇಜಿನ ಮೇಲೆ ಖಾಕಿ ಲಕೋಟೆಯೊಂದಿತ್ತು. ಪ್ರಶ್ನೆಪತ್ರಿಕೆ, ಉತ್ತರ ಎರಡೂ ಅದರಲ್ಲೇ ಇಟ್ಟು, ಅಂಟಿಸಿ, ಅಲ್ಮಾರಿಯಲ್ಲಿ ಇಟ್ಟಿದ್ದರಂತೆ. ಈಗ ಅದರ ಬಾಯಿ ತೆರೆದಿತ್ತು.

“ಶುಕ್ರವಾರ ಅಂಟಿಸಿ ಹೋಗಿದ್ದೆ. ಶನಿವಾರ ಬಂದು ನೋಡಿದ್ರ ಬಿಚ್ಚಿತ್ತು. ಅಲ್ಮಾರಿಗೆ ಬೀಗ ಇಲ್ಲ. ಕೋಣಿ ಬೀಗದ ಕೈ ಮುಂಜಾನೆ ಯಾರ ಹತ್ರ ಇರತೈತಿ?”

“ನನ್ನ ಹತ್ರ ರೀ.”

ಹಿಂದಿನಿಂದ ಯಾರೋ ಮೂಗಿನಲ್ಲೇ ನಕ್ಕರು.

“ನಾ ಮುಟ್ಟಿಲ್ರೀ ಮೇಡಂ.”

“ಮುಟ್ಟೀ ಅಂತ ನಾ ಅಂದಿಲ್ಲ,” ಎಂದರು ಮೇಡಂ. ಆದರೆ ಕಣ್ಣು ಅದನ್ನೇ ಅನ್ನುತ್ತಿತ್ತು. “ಏಳನೇ ಪ್ರಶ್ನಿ. ಉನ್‌ಹೈಲ್‌ಬಾರ್. ಈ ಶಬ್ದ ನಾ ಕಲಿಸಿಲ್ಲ. ನೀ ಹೆಂಗ ಬರದಿ?”

ಮೌನೇಶ್ವರಿ ಲಕೋಟೆಯ ತೆರೆದ ಬಾಯಿ ನೋಡಿದಳು. ಕಳ್ಳಿ ಎಂದು ಒಮ್ಮೆ ಹೆಸರು ಬಿದ್ದರೆ ಸಂದರ್ಶನದ ಮಾತಿರಲಿ, ನರ್ಸಿಂಗ್ ಹೋಮಿನವರೂ ಔಷಧಿ ಕಪಾಟಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಊರೇನು ದೊಡ್ಡದೇ? ಮಗಳ ಮುಖ ಕಣ್ಣ ಮುಂದೆ ಬಂತು. ಅದರೊಂದಿಗೇ ಉತ್ತರವೂ ಬಂತು.

“ಮುರದು ನೋಡಿದ್ನಿ ರೀ.”

“ಏನ ಮುರದಿ?”

“ಶಬ್ದ ರೀ. ಹೈಲೆನ್ ಅಂದ್ರ ಗುಣ ಆಗೋದು. ಅದು ನೀವ ಕಲಿಸೀರಿ. ಹಿಂದ ಬಾರ್ ಇದ್ರ ಆಗೂವಂಥದ್ದು. ಎಸ್ಸೆನ್ ಅಂದ್ರ ಉಣ್ಣೋದು, ಎಸ್‌ಬಾರ್ ಅಂದ್ರ ಉಣ್ಣಾಕ ಬರೂವಂಥದ್ದು, ಹಂಗ. ಮುಂದ ಉನ್ ಇದ್ರ ಅಲ್ಲ. ಮೂರೂ ಕೂಡಿಸಿದ್ರ ಗುಣ ಆಗಲಾರದ ರೋಗ. ವಾಕ್ಯದಾಗ ಆಸ್ಪತ್ರಿ ಮಾತ ಇತ್ರೀ, ಅದಕ್ಕ ಧೈರ್ಯ ಬಂತು.”

“ಈಗ ಕುಂತು ಕಥಿ ಕಟ್ಟಿದ್ರ ಯಾರಿಗೆ ಬರಂಗಿಲ್ಲ?” ಎಂದಳು ಶಿವಕುಮಾರಿ. “ಉತ್ತರ ಗೊತ್ತಿದ್ದ ಮ್ಯಾಲ ಮುರಿಯೋದು ಹಗುರ ಬೇ.”

ಮಾತು ಚುಚ್ಚಿತು, ಆದರೆ ಸುಳ್ಳಲ್ಲ. ವಿಜಯಶ್ರೀ ಮೇಡಂಗೂ ಹಾಗೇ ಅನಿಸಿರಬೇಕು. ಅವರು ಎದ್ದು ಬೋರ್ಡು ಒರೆಸಿದರು. ಎಲ್ಲಿಯೂ ನೋಡಿಕೊಳ್ಳದೆ, ತಲೆಯಿಂದಲೇ ಒಂದು ಶಬ್ದ ಬರೆದರು: ಫೆನ್‌ಸ್ಟರ್‌ಲೋಸ್.

ಮೌನೇಶ್ವರಿ ಅದನ್ನು ಮನಸ್ಸಿನಲ್ಲೇ ಎರಡು ಮಾಡಿದಳು. ಫೆನ್‌ಸ್ಟರ್ ಅಂದರೆ ಕಿಟಕಿ. ಲೋಸ್ ಎಂಬುದು ಅವಳಿಗೆ ಪುಸ್ತಕದಿಂದಲ್ಲ, ಮಗಳಿಂದ ಹತ್ತಿದ್ದು. ಮಾತು ಕಲಿಯುತ್ತಿರುವ ಕೂಸು ಎಲ್ಲದರ ಬಾಲಕ್ಕೆ ‘ಇಲ್ಲ’ ಹಚ್ಚುತ್ತದೆ. ಹಾಲು ಮುಗಿದರೆ ಹಾಲಿಲ್ಲ. ಬೆಕ್ಕು ಓಡಿದರೆ ಬೆಕ್ಕಿಲ್ಲ. ಇವಳು ಬಸ್ಸಿಗೆ ಹೊರಟರೆ ಅತ್ತೆ ಪಕೀರಮ್ಮನ ಸೊಂಟದ ಮೇಲೆ ಕುಳಿತು, “ಅಮ್ಮಿಲ್ಲ, ಅಮ್ಮಿಲ್ಲ.” ಬಸ್ಸಿನಲ್ಲಿ ಕಣ್ಣು ಒರೆಸಿಕೊಂಡು ಪುಸ್ತಕ ತೆಗೆದ ದಿನ ಆರ್‌ಬೈಟ್ಸ್‌ಲೋಸ್ ಎಂಬ ಶಬ್ದ ಎದುರಾಗಿತ್ತು. ಆರ್‌ಬೈಟ್ ಅಂದರೆ ಕೆಲಸ. ಹಿಂದಿನದು ಮಗಳ ‘ಇಲ್ಲ’ವೇ ಇರಬೇಕು ಎಂದುಕೊಂಡಿದ್ದಳು. ಅದೇ ಆಗಿತ್ತು ಕೂಡ, ಕೆಲಸವಿಲ್ಲದವರು.

“ಕಿಟಕಿ ಇಲ್ಲದ್ದು ರೀ.”

ಮೇಡಂ ಅದರ ಕೆಳಗೆ ಬರೆದರು: ಮೆನ್ಷ್‌ಲಿಷ್.

“ಮೆನ್ಷ್ ಅಂದ್ರ ಮನಷ್ಯಾ. ಲಿಷ್ ಹತ್ತಿದ್ರ ಅದರ ಗುಣದ್ದು, ಅದಕ್ಕ ಸಂಬಂಧಪಟ್ಟದ್ದು. ಗೆಳೆಯಾಗ ಹತ್ತಿದ್ರ ಸ್ನೇಹದ್ದು ಆಗ್ತದಲ್ರೀ, ಫ್ರಾಯ್ಂಡ್‌ಲಿಷ್. ಹಂಗ ಇದು ಮನುಷ್ಯತ್ವದ್ದು.”

ಮೂರನೆಯದು: ಫೆರ್‌ಷ್ರೈಬ್ಟ್.

ಮೌನೇಶ್ವರಿ ಇದನ್ನೂ ಎರಡು ಮಾಡಿದಳು. ಷ್ರೈಬ್ಟ್ ಅಂದರೆ ಬರೆಯುತ್ತಾನೆ. ಮುಂದಿನ ಫೆರ್ ಮೇಲೆ ಮಾತ್ರ ಅವಳಿಗೆ ನಂಬಿಕೆಯಿಲ್ಲ. ನಡೆಯುವುದರ ಮುಂದೆ ಬಂದರೆ ದಾರಿ ತಪ್ಪಿಸುತ್ತದೆ. ಕೊಳ್ಳುವುದರ ಮುಂದೆ ಬಂದರೆ ಅದನ್ನು ತಿರುಗಿಸಿ ಮಾರುವುದು ಮಾಡುತ್ತದೆ. ಒಳ್ಳೆಯದರ ಮುಂದೆ ಬಂದು ಸುಧಾರಿಸುವುದೂ ಉಂಟು. ಒಂದೊಂದು ಮನೆಯಲ್ಲಿ ಒಂದೊಂದು ಮುಖ ಇಟ್ಟುಕೊಳ್ಳುವವರ ಹಾಗೆ.

“ಇದು ಒಂದಕ್ಕ ಒಂದ ಹೇಳಾಕ ಬರಂಗಿಲ್ರೀ. ತಪ್ಪು ಬರಿತಾನ ಅಂತ ಇರಬಹುದು, ಬ್ಯಾರೇನೂ ಇರಬಹುದು. ಪೂರಾ ವಾಕ್ಯ ಕೊಡ್ರೀ.”

ಮೇಡಂ ತುಸು ಹುಬ್ಬೇರಿಸಿ ವಾಕ್ಯ ಪೂರ್ತಿ ಮಾಡಿದರು. ಅದರಲ್ಲಿ ಡಾಕ್ಟರು ಇದ್ದರು, ಗುಳಿಗೆ ಇದ್ದವು.

“ಓ, ಚೀಟಿ ಬರದು ಕೊಡೋದು! ಗುಳಿಗಿ ಬರದು ಕೊಡ್ತಾನ.” ದಿನಾ ನರ್ಸಿಂಗ್ ಹೋಮಿನಲ್ಲಿ ನೋಡುವುದೇ. ಅವಳ ಮುಖದಲ್ಲಿ ಅಷ್ಟು ಹೊತ್ತಿನಲ್ಲಿ ಮೊದಲ ಬಾರಿ ನಗು ಸುಳಿಯಿತು.

ಮುಂದಿನ ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿದರು. ಶಿವಕುಮಾರಿ ಮಾತ್ರ ಕೈ ಕಟ್ಟಿಕೊಂಡೇ ಕುಳಿತಿದ್ದಳು. “ಮೂರು ಅದೃಷ್ಟಕ್ಕ ಸರಿ ಬಂದಾವ. ಇನ್ನೊಂದ್ ಕೇಳ್ರೀ ಮೇಡಂ.”

ವಿಜಯಶ್ರೀ ಮೇಡಂ ನಾಲ್ಕನೆಯದು ಬರೆದರು: ಬೆಹೈಟ್ಸ್ಟ್.

ಇದು ಹಗುರವಾಗಿತ್ತು. ಹೈಟ್ಸುಂಗ್ ಎಂದರೆ ಅಲ್ಲಿಯ ಚಳಿಗೆ ಕೋಣೆ ಕಾಯಿಸುವ ವ್ಯವಸ್ಥೆ ಎಂದು ಮೊದಲ ತಿಂಗಳಲ್ಲೇ ಕಲಿಸಿದ್ದರು. “ಕಾಯಿಸದ ಕೋಣಿ ರೀ. ಬಿಸಿ ಇಲ್ಲದ್ದು,” ಎಂದಳು ಮೌನೇಶ್ವರಿ, ತಡವರಿಸದೆ.

ಶಿವಕುಮಾರಿ ಗಹಗಹಿಸಿದಳು. “ಅಯ್ಯ! ಕಾಯಿಸಿದ್ದವ್ವಾ ಅದು! ನಾ ಡಿಕ್ಷನರಿಯಾಗ ಬಿ ಅಕ್ಷರ ಪೂರಾ ಮುಗಿಸೀನಿ, ನನಗ ಗೊತ್ತಿಲ್ಲೇನು?”

ಮೌನೇಶ್ವರಿಯ ನಗು ಆರಿತು. ಇನ್ನೇನು, ಮುಗಿಯಿತು ಎಂದುಕೊಂಡಳು. ಆದರೆ ಮೇಡಂ ಬೋರ್ಡಿನ ಹತ್ತಿರವೇ ಸೀಮೆಸುಣ್ಣ ಹಿಡಿದು ನಿಂತುಬಿಟ್ಟಿದ್ದರು.

“ಬಿಸಿ ಇಲ್ಲದ್ದು ಅಂತ ಯಾಕಂದಿ?”

“ಮುಂದ ಬೆ ಐತಲ್ರೀ.”

“ಇದ್ರ?”

“ಬೇ ಅಂದ್ರ ಇಲ್ಲದ್ದು ಅಲ್ರೀ? ಬೇಫಿಕರ್, ಬೇಕಾರ್, ಬೇಜವಾಬ್ದಾರಿ... ನಮ್ಮ ಕಡಿ ಎಲ್ಲಾರೂ ಹಂಗ ಅಂತೀವಿ.”

ಮೇಡಂ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದರು. ಮೌನೇಶ್ವರಿಯ ಹಾಳೆ ತೆಗೆದು ಕೆಂಪು ಗೆರೆ ಬಿದ್ದ ಕಡೆ ಬೆರಳಿಟ್ಟರು. ಆರನೆಯದು, ಬೆತ್ಸಾಲ್ಟ್: ಹಣ ಕೊಟ್ಟಾಗಿದೆ ಎಂಬುದಕ್ಕೆ ‘ಹಣ ಕೊಟ್ಟಿಲ್ಲ’ ಎಂದು ಗುರುತು. ಹನ್ನೊಂದನೆಯದು, ಬೆವೋನ್ಟ್: ಜನ ವಾಸವಿರುವ ಮನೆಗೆ ‘ಯಾರೂ ಇಲ್ಲದ ಮನೆ’. ಹತ್ತೊಂಬತ್ತನೆಯದು, ಬೆಕಾನ್ಟ್: ಗೊತ್ತಿರುವುದಕ್ಕೆ ‘ಗೊತ್ತಿಲ್ಲದ್ದು’. ತಪ್ಪಿದ ಮೂರರ ಮುಂದೂ ಬೆ ಇತ್ತು. ಇಡೀ ಪತ್ರಿಕೆಯಲ್ಲಿ ಬೆಯಿಂದ ಶುರುವಾಗುವ ಶಬ್ದ ಆ ಮೂರೇ. ಮೂರಕ್ಕೂ ಪೂರಾ ತಲೆಕೆಳಗಿನ ಅರ್ಥ.

“ಶಿವಕುಮಾರಿ, ಬಾ ಇಲ್ಲಿ. ಇದನ್ನ ನೋಡು,” ಎಂದರು ಮೇಡಂ. “ಉತ್ತರ ಕದ್ದಾಕಿ ಹದಿನೇಳು ಕದ್ದು ಇವು ಮೂರನ್ನ ಯಾಕ ಬಿಡ್ತಾಳ? ಇವತ್ತೂ ಎಲ್ಲಿ ಎಡವಿದಳು? ಅಲ್ಲೇ.”

ಶಿವಕುಮಾರಿ ಹಾಳೆ ನೋಡಿದಳು. ಮೂರೂ ಕೆಂಪು ಗೆರೆಯ ಮೇಲೆ ಬೆರಳಾಡಿಸಿದಳು. “ಹೌದ್ರೀ,” ಎಂದಳು ಕಡೆಗೆ, ನೆಲಕ್ಕೆ ಹೇಳುವ ಹಾಗೆ. “ಮತ್ತ ಲಕೋಟಿ?”

ಮೇಡಂ ಅಲ್ಮಾರಿ ತೆಗೆದು, ಶುಕ್ರವಾರವೇ ಅಂಟಿಸಿದ್ದ ಇನ್ನೆರಡು ಲಕೋಟೆ ಹೊರಗೆ ಎಳೆದರು. ಮುಂದಿನ ತಿಂಗಳ ಪತ್ರಿಕೆಗಳು. ಅವುಗಳ ಬಾಯಿಯೂ ತಾನಾಗಿ ಎದ್ದು ಬಂದಿತ್ತು. ಮೇಲೆ ತಗಡು, ಒಳಗೆ ಬಿಸಿಲಿನ ಕುಲುಮೆ. ಅಂಟು ಒಣಗಿ ಪುಡಿಯಾಗಿತ್ತು. ಶನಿವಾರವೇ ಇದನ್ನು ನೋಡಿದ್ದರೆ ಎಂದು ಮೌನೇಶ್ವರಿಗೆ ಬಾಯಿತನಕ ಬಂತು. ನುಂಗಿದಳು.

“ಮೌನೇಶ್ವರಿ, ಜರ್ಮನ್ನಿನ ಬೆ ಇಲ್ಲ ಅನ್ನೂದಿಲ್ಲವ್ವಾ. ಬಹಳ ಸಲ ಅದು ಕೆಲಸಾನ ಒಂದು ವಸ್ತುವಿನ ಮ್ಯಾಲ ತಂದು ಹಚ್ಚತೈತಿ. ಕೋಣಿ ಕಾಯಿಸೋದು, ಮನ್ಯಾಗ ವಾಸ ಮಾಡೋದು, ಹಿಂಗ. ಎಲ್ಲಾ ಕಡಿ ಹಂಗ ಇರ್ತದಂತ ಮತ್ತ ಗಂಟ ಹಾಕ್ಕೋಬ್ಯಾಡ.” ಅವರು ಶಿವಕುಮಾರಿಯದೂ ಸೇರಿ ಮೂರು ಹೆಸರಿದ್ದ ಪಟ್ಟಿ ಎಳೆದುಕೊಂಡು ನಾಲ್ಕನೆಯದಾಗಿ ಮೌನೇಶ್ವರಿಯ ಹೆಸರು ಬರೆದರು. ತಪ್ಪಾಯಿತು ಎನ್ನಲಿಲ್ಲ. ಆದರೆ ಬರೆಯುವಾಗ ಪೆನ್ನು ಎರಡು ಸಲ ನಿಂತಿತು.

ಕ್ಲಾಸು ಬಿಟ್ಟ ಮೇಲೆ ಕೆಳಗೆ ಇಳಿದಾಗ ಮಕ್ತುಮ್‌ಸಾಬ್ ಮಶೀನಿನ ಗಾಲಿ ನಿಲ್ಲಿಸಿದರು. ಸುದ್ದಿ ಅವಳಿಗಿಂತ ಮುಂಚೆ ಮೆಟ್ಟಿಲು ಇಳಿದಿತ್ತು.

“ಏನವ್ವಾ, ನಮ್ಮ ಉರ್ದು ಬೇ ನಿನ್ನ ಪರೀಕ್ಷಾದಾಗ ಕೆಡಿಸಿತಂತ?”

“ಉಳಿಸಿದ್ದೂ ಅದ ರೀ, ಕಾಕಾ.”

ಅವರು ನಕ್ಕರು. ಆಮೇಲೆ ದಾರದ ಡಬ್ಬಿಯ ಕಡೆ ನೋಡುತ್ತ, “ಬೀಗದ ಕೈ ನಾಳಿಂದ ಯಾರಿಗೂ ಕೊಡಬ್ಯಾಡ್ರಿ ಅಂದಾರ ಮೇಡಂ. ನನ್ನ ಮ್ಯಾಲ ಸಿಟ್ಟಾಗಬ್ಯಾಡ,” ಎಂದರು.

ಮರುದಿನ ಮೊದಲ ಬಸ್ಸಿಗೇ ಬಂದಳು. ಬೀಗ ಹಾಕಿತ್ತು. ಮೆಟ್ಟಿಲ ಮೇಲೆ ಕುಳಿತು ನೋಟ್‌ಬುಕ್ ತೆಗೆದಳು. ‘ಬೆ, ಇಲ್ಲ’ ಎಂದು ತಾನೇ ಬರೆದಿದ್ದುದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಇದು ನಮ್ಮೂರಿನದಲ್ಲ’ ಎಂದು ಬರೆದಳು. ಕೆಳಗೆ ಚಪ್ಪಲಿ ಸಪ್ಪಳವಾಯಿತು. ಶಿವಕುಮಾರಿ. ಅವಳು ಉಳಿದುಕೊಂಡಿದ್ದ ಸೋದರತ್ತೆಯ ಮನೆ ಹತ್ತಿರವೇ ಇದ್ದರೂ ಯಾವತ್ತೂ ಇಷ್ಟು ಬೇಗ ಬಂದವಳಲ್ಲ.

“ಬೀಗ ಕಾಯಾಕ ಬಂದಿಯೇನ್?” ಎಂದಳು ಮೌನೇಶ್ವರಿ.

“ಅನ್ನು, ಎಷ್ಟ ಬೇಕಾದ್ರ ಅಷ್ಟ ಅನ್ನು.” ಶಿವಕುಮಾರಿ ಎರಡು ಮೆಟ್ಟಿಲು ಕೆಳಗೆ ಕುಳಿತಳು. “ನಾ ಇನ್ನೂ ಡಿ ಅಕ್ಷರದಾಗ ಅದೀನಿ. ಉನ್ ಬರೂದು ಎಲ್ಲೋ ಕಡೀಕ. ಅಲ್ಲೀತನ ಸಂದರ್ಶನ ಮುಗದು ಹೋಗಿರತೈತಿ. ನನಗ ಮುರಿಯೋದು ಕಲಿಸು.”

ಮೌನೇಶ್ವರಿ ಅವಳ ಮುಖವನ್ನು ಹುಣ್ಣು ನೋಡುವ ನರ್ಸಿನ ಹಾಗೆ ನೋಡಿದಳು. ಒಳಗೆ ಏನಿದೆಯೋ ಮೇಲಿಂದ ಹೇಳಲಾಗುವುದಿಲ್ಲ. ಮೊನ್ನೆ ಲಕೋಟೆ ಬಿಚ್ಚಿದವಳು ತಾನೇ ಎಂಬ ಅನುಮಾನವನ್ನು ಮೇಡಂ ಕಿವಿಗೆ ಮೊದಲು ಹಾಕಿದವಳು ಇವಳೇ ಇರಬೇಕು. ಕೇಳಲೇ ಎಂದುಕೊಂಡಳು. ಕೇಳಿದರೆ ಇಲ್ಲ ಅನ್ನುತ್ತಾಳೆ. ಸಂದರ್ಶನಕ್ಕೆ ಇನ್ನು ಹತ್ತೊಂಬತ್ತು ದಿನ. ಬೆಯಿಂದ ಶುರುವಾಗುವ ಶಬ್ದಗಳೋ ನೂರಾರು.

“ಬಿ ಅಕ್ಷರ ಪೂರಾ ಬರತೈತಂದಿ?”

“ಪೂರಾ.”

“ಹಂಗಾದ್ರ ಮೊದಲ ನೀ ಹೇಳು. ಒಂದೊಂದ ಹೇಳು, ನಾ ಬರಕೋತೀನಿ. ಆಮ್ಯಾಲ ಮುರಿಯೋದು.” ಮೌನೇಶ್ವರಿ ತನ್ನ ಮೆಟ್ಟಿಲ ಮೇಲಿನ ಬ್ಯಾಗನ್ನು ಎತ್ತಿ ಮಡಿಲಿಗೆ ಇಟ್ಟುಕೊಂಡು ಜಾಗ ಬಿಟ್ಟಳು. “ಮತ್ತ ತಪ್ಪ ಹೇಳೀಗೀಳೀ, ನಾ ಕ್ಲಾಸ್ ಬಿಟ್ಟ ಮ್ಯಾಲ ಮೇಡಂ ಹತ್ರ ಎಲ್ಲಾ ತಾಳೆ ನೋಡ್ತೀನಿ.”

ಶಿವಕುಮಾರಿ ಎರಡು ಮೆಟ್ಟಿಲು ಹತ್ತಿ ಬಂದು ಪಕ್ಕದಲ್ಲಿ ಕುಳಿತಳು.