ಅಂಚಿನಾಚೆ ಹೋದ ಮಾತು

ಸ್ಟುಡಿಯೋದ ಎಡಿಟರಮ್ಮನನ್ನು ಎಲ್ಲರೂ ಕರೆಯುವುದು ‘ಮೊಂಡಿ’ ಎಂದೇ. ಅವಳು ಹಿಡಿದ ಹಟ ಬಿಟ್ಟದ್ದನ್ನು ಕಂಡವರಿಲ್ಲ.

ಈ ಸಲ ಬಂದದ್ದು ಕಿವಿ ಕೇಳದ ಮಕ್ಕಳಿಗಾಗಿ ಮೇಷ್ಟ್ರೊಬ್ಬರು ಕೈಸನ್ನೆಯ ಭಾಷೆಯಲ್ಲಿ ಮಾಡಿದ ಪಾಠದ ವಿಡಿಯೋ. ಟೀವಿಗೂ ಫೋನಿಗೂ ಶಾಲೆಯ ಹಳೇ ಪ್ರೊಜೆಕ್ಟರಿಗೂ ಅದು ಹೊಂದಬೇಕು. ಅಗಲವಾದ ಟೀವಿಯಲ್ಲಿ ಸರಿಯಾಗಿ ಕೂತಿತು. ಫೋನಿನ ಪರದೆ ಮಾತ್ರ ಉದ್ದ, ಕಿರಿದು.

“ನಡುಭಾಗ ಉಳಿಸ್ಕೊಂಡು ಬದಿ ಕತ್ತರಿಸಮ್ಮ. ಮೇಷ್ಟ್ರ ಮುಖ ಕಂಡ್ರೆ ಸಾಕು,” ಎಂದ ಮಾಲೀಕ.

ಹಾಗೆ ಕತ್ತರಿಸಿದ ಪ್ರತಿಯನ್ನು ಮೊಂಡಿ ಊಟದ ಹೊತ್ತಿಗೆ ಮನೆಗೆ ಒಯ್ದು, ಹುಟ್ಟಿನಿಂದ ಕಿವಿ ಕೇಳದ ಅಮ್ಮನಿಗೆ ತೋರಿಸಿದಳು. ಅಮ್ಮ ಹುಬ್ಬು ಗಂಟಿಕ್ಕಿ ಸನ್ನೆಯಲ್ಲಿ ಕೇಳಿದಳು: “ಇವರು ಯಾಕೆ ಮಾತು ನುಂಗ್ತಾರೆ?” ಮೇಷ್ಟ್ರು ಕೈ ಚಾಚಿದಾಗಲೆಲ್ಲ ಬೆರಳುಗಳು ಚೌಕಟ್ಟಿನಾಚೆ ಹೋಗುತ್ತಿದ್ದವು.

ಮೊಂಡಿ ಮರಳಿ ಬಂದು ಮೊದಲಿನಿಂದ ಶುರುಮಾಡಿದಳು. ಫೋನಿಗೆ ಎರಡೂ ಕೈ ಹಿಡಿಯುವಷ್ಟು ಚಿತ್ರವನ್ನು ಕಿರಿದಾಗಿಸಿ, ಕೆಳಗೆ ಉಳಿದ ಜಾಗದಲ್ಲಿ ಅಡಿಬರಹ ಕೂರಿಸಿದಳು. ಪ್ರೊಜೆಕ್ಟರಿನ ಚೌಕಟ್ಟು ಟೀವಿಗಿಂತ ಅಗಲ ಕಮ್ಮಿ. ಕೈಗೆ ತಾಗದಂತೆ ಬದಿಗಳನ್ನು ಸವರಿದಳು. ಶಾಲೆಗೇ ಹೋಗಿ ಕೊನೆಯ ಬೆಂಚಿನಲ್ಲಿ ಕೂತು ನೋಡಿದರೆ, ಅಡಿಬರಹ ಮುಂದಿನವರ ತಲೆಗಳಿಗೆ ಮರೆಯಾಗಿತ್ತು. ಅದನ್ನೂ ಮೇಲಕ್ಕೇರಿಸಿದಳು.

“ಒಂದು ಪಾಠಕ್ಕೆ ಮೂರು ಸಲ ದುಡಿಯೋದಾ? ಅಷ್ಟು ಸೂಕ್ಷ್ಮ ಯಾರಮ್ಮ ನೋಡ್ತಾರೆ?” ಮಾಲೀಕ ಗೊಣಗಿದ.

ಮೊಂಡಿ ತನ್ನ ಕಂಪ್ಯೂಟರಿನತ್ತ ತಿರುಗಿದಳು. ಪಾಠದ ಆರಂಭಕ್ಕೆಂದು, ಮಕ್ಕಳ ಹೆತ್ತವರಿಗಾಗಿ ಮಾಲೀಕನೇ ಆಡಿದ್ದ ಸ್ವಾಗತದ ಮಾತನ್ನು, ನಡುನಡುವೆ ದನಿ ಅಳಿಸಿ ಕೇಳಿಸಿದಳು.

“ಏಯ್, ನನ್ನ ಮಾತೆಲ್ಲ ಎಲ್ಲಿ ಹೋಯ್ತು?”

“ಅಂಚಿನಾಚೆ ಹೋಯ್ತು, ಸಾರ್. ಮೂರೂ ಪ್ರತಿ ಕಳಿಸ್ಲಾ?”