ಹಿಂದೆ ನಿಂತವನ ಅಪ್ಪಣೆ

ಚಿಕ್ಕನಾಯಕನಹಳ್ಳಿಯ ಬೈಕ್ ಮೆಕ್ಯಾನಿಕ್ ದಸ್ತಗೀರನಿಗೆ ವಯಸ್ಸು ನಲವತ್ತೊಂದು. ಅವನ ಮೊಣಕಾಲಿಗೆ ತೊಂಬತ್ತು. ಫುಟ್‌ಬಾಲ್ ಮೈದಾನದಲ್ಲಿ ಅವನು ಹಿಂದಕ್ಕೆ ತಿರುಗಲು ಹೊರಟರೆ, ತಿರುಗಿ ಮುಗಿಯುವಷ್ಟರಲ್ಲಿ ಆ ದಿನ ನೆಟ್ಟ ತೆಂಗಿನ ಸಸಿ ಫಲಕ್ಕೆ ಬರುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಆದರೆ ಕಣ್ಣು ಮಾತ್ರ ಹದ್ದಿಗೆ ಪಾಠ ಹೇಳುವಂಥದ್ದು. ಚೆಂಡನ್ನು ಎತ್ತ ಒದೆಯಬೇಕೆಂದು ಎದುರಾಳಿ ಇನ್ನೂ ಯೋಚಿಸುತ್ತಿರುವಾಗಲೇ ಅದು ಬೀಳುವ ಜಾಗ ದಸ್ತಗೀರನಿಗೆ ಗೊತ್ತಾಗಿರುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಊರ ತಂಡದ ಗೋಲಿನ ಮುಂದೆ ಎದುರಾಳಿಯನ್ನು ತಡೆದು ನಿಲ್ಲಿಸುವ ಸ್ಟಾಪರ್ ಅವನೇ.

ಸ್ಟಾಪರ್ ಎಂದರೆ ಜೋಡಿ ಎತ್ತಿನ ಕೆಲಸ, ಒಬ್ಬನಿಂದಾಗದು. ಈ ವರ್ಷ ಅವನ ಜೊತೆಗೆ ಬಂದವನು ಕಂದಿಕೆರೆ ಕಡೆಯ ಹಟ್ಟಿಯ ಓಬಳೇಶ. ಇಪ್ಪತ್ತೆರಡರ ಹುಡುಗ, ಓಡಿದರೆ ಅವನ ನೆರಳು ಏದುಸಿರು ಬಿಡುತ್ತಾ ಹಿಂದೆ ಬರುತ್ತಿತ್ತು. ಹಟ್ಟಿಯಲ್ಲಿ ಅವನು ಕುರಿಗಳನ್ನು ಕೂಗಿ ಕರೆದರೆ ಹುಳಿಯಾರಿನ ಕುರಿಗಳೂ ಎದ್ದು ಹೊರಡುತ್ತಿದ್ದವಂತೆ. ಮೈದಾನಕ್ಕಿಳಿದರೆ ಮಾತ್ರ ಬಾಯಿಗೆ ಬೀಗ.

ತುರುವೇಕೆರೆಯ ಮೇಲಿನ ಪಂದ್ಯದ ಬೆಳಿಗ್ಗೆ ಕೋಚ್ ರಾಜಣ್ಣ ದಸ್ತಗೀರನನ್ನು ಪಕ್ಕಕ್ಕೆ ಕರೆದ.

"ಇವತ್ತು ಹಿಂದೆ ಎಡವಟ್ಟಾದ್ರೆ ಮುಂದಿನ ವಾರ ನಿನ್ನ ಜಾಗಕ್ಕೆ ಬೇರೆ ಹುಡುಗನ್ನ ಹಾಕ್ತೀನಿ ಕಣಪ್ಪ. ಬೇಜಾರ್ ಮಾಡ್ಕಬ್ಯಾಡ."

ದಸ್ತಗೀರ್ ತಲೆಯಾಡಿಸಿದ. ಬೇಜಾರಾಗಲು ಅವನಿಗೆ ಪುರಸೊತ್ತಿರಲಿಲ್ಲ, ಹೆದರಿಕೆಯೇ ಬೇಕಾದಷ್ಟಿತ್ತು.

ಸ್ಟಾಪರ್ ಕೆಲಸದ ಕಟ್ಟಳೆ ಸರಳ. ಚೆಂಡು ಯಾರ ಮಗ್ಗುಲಿಗೆ ಬಂತೋ ಅವನು ಮುಂದೆ ನುಗ್ಗಿ ಎದುರಾಳಿಯನ್ನು ತಡೆಯಬೇಕು. ಇನ್ನೊಬ್ಬ ನಾಲ್ಕೈದು ಹೆಜ್ಜೆ ಹಿಂದೆ, ಓರೆಯಾಗಿ ಒಳಗೆ ಸರಿದು, ನುಗ್ಗಿದವನು ಬಿಟ್ಟುಹೋದ ಬಯಲನ್ನು ಕಾಯಬೇಕು. ಕೂಗಿ ಹೇಳುವ ಹಕ್ಕು ಹಿಂದೆ ನಿಂತವನದು, ಏಕೆಂದರೆ ಎಲ್ಲವೂ ಕಾಣುವುದು ಅವನಿಗೇ. ಚೆಂಡು ಇಬ್ಬರ ನಡುವೆ ಬಂದರಂತೂ ಒಬ್ಬ ಬಾಯಿ ಬಿಡಲೇಬೇಕು.

ಹನ್ನೆರಡನೇ ನಿಮಿಷಕ್ಕೆ ಅದು ಸರಿಯಾಗಿ ನಡುವೆಯೇ ಬಂತು. ತುರುವೇಕೆರೆಯ ಮುನ್ನುಗ್ಗುವ ಆಟಗಾರ ಅರುಣ್ ಕುಮಾರ್ ಇಬ್ಬರ ಮಧ್ಯೆ ಚೆಂಡು ಹಿಡಿದ. ಚುರುಕಿನ ಕಾಲಿನ ಓಬಳೇಶ ನುಗ್ಗುತ್ತಾನೆಂದು ದಸ್ತಗೀರ್ ಹಿಂದೆ ಸರಿದ. ಓಬಳೇಶನೂ ಸರಿದ. ಮದುವೆ ಮನೆಯಲ್ಲಿ ಬೀಗರಿಗೆ ದಾರಿ ಬಿಟ್ಟಂತೆ ಇಬ್ಬರೂ ಬಿಟ್ಟ ದಾರಿಯಲ್ಲಿ ಅರುಣ್ ಕುಮಾರ್ ಆರಾಮಾಗಿ ತಿರುಗಿ, ಗುರಿ ನೋಡಿ, ಗೋಲು ಹೊಡೆದ.

ಅರ್ಧ ಆಟ ಮುಗಿದಾಗ ದಸ್ತಗೀರ್ ಹುಡುಗನ ಪಕ್ಕ ಕುಳಿತ.

"ಯಾಕ್ಲಾ ನುಗ್ಗಲಿಲ್ಲ?"

"ನೀವು ದೊಡ್ಡೋರು. ನೀವು ಹೋಗ್ತೀರಿ ಅಂತ ನಿಂತೆ ಅಣ್ಣ."

"ನಾನು ಹಿಂದಕ್ಕೆ ಹೋಗಿದ್ದು ಕಾಣಲಿಲ್ವಾ? ಹೋಗು ಅಂತಾದ್ರೂ ಅನ್ನಬಾರದಾ?"

"ನಿಮಗೆ ನಾನು ಹೋಗು ಅನ್ನೋದಾ? ನಮ್ಮ ಹಟ್ಟೀಲಿ ಹಿರೀಕರಿಗೆ ಹಂಗಂದ್ರೆ ಮೂರು ದಿನ ಮುದ್ದೆ ಹಾಕಲ್ಲ."

ತಪ್ಪು ಕಾಲಿನದಲ್ಲ, ಮರ್ಯಾದೆಯದು ಎಂದು ದಸ್ತಗೀರನಿಗೆ ಹೊಳೆಯಿತು. ಅವನೂ ಹಾಗೆಯೇ ಬೆಳೆದವನು, ಆದರೂ ಹೇಳಿದ:

"ಈ ಗೆರೆಯೊಳಗೆ ನಾನು ನಿನ್ನ ಮಂದೆಯ ಟಗರು ಅನ್ಕೋ. ಟಗರು ದಾರಿ ತಪ್ಪಿದ್ರೆ ಏನ್ಮಾಡ್ತೀಯ?"

"ಕೂಗ್ತೀನಿ."

"ಅಣ್ಣ ಅಂತೀಯಾ?"

ಓಬಳೇಶ ನಕ್ಕ. ಬೆಳಿಗ್ಗೆಯಿಂದ ಅದೇ ಮೊದಲು.

ಆಮೇಲಿನ ಆಟ ಬೇರೆಯೇ ಆಯಿತು. ಓಬಳೇಶ ನುಗ್ಗಿದಾಗ ಹಿಂದಿನಿಂದ ದಸ್ತಗೀರ್, "ಮೇಲೆ ಬೀಳಬ್ಯಾಡ, ತಡೆದು ನಿಲ್ಲು, ಹಿಂದೆ ನಾನಿದ್ದೀನಿ" ಎನ್ನುತ್ತಿದ್ದ. ಚೆಂಡು ತಪ್ಪಿ ಬಂದರೆ ಅವನು ಅಲ್ಲಿ ಮೊದಲೇ ನಿಂತಿರುತ್ತಿದ್ದ. ಓಡುವ ಅಗತ್ಯವೇ ಬೀಳಲಿಲ್ಲ. ಅತ್ತ ಊರ ಹುಡುಗ ಚಿತ್ತೇಶ್ ಎರಡು ಗೋಲು ಹೊಡೆದ. ಎರಡು ಒಂದು.

ಆಟ ಮುಗಿಯಲು ಎರಡು ನಿಮಿಷವಿದ್ದಾಗ ಅರುಣ್ ಕುಮಾರ್ ಬೇಕೆಂದೇ ದಸ್ತಗೀರನ ಮಗ್ಗುಲಿಗೆ ಬಂದು, ಗೋಲಿಗೆ ಬೆನ್ನು ಮಾಡಿ ಚೆಂಡಿಗೆ ಕಾದ. ದಸ್ತಗೀರನ ನಿಧಾನದ ಕಾಲು ಅನುಮಾನಿಸಿತು. ಹಿಂದಿನಿಂದ ಸಿಡಿಲು ಬಡಿಯಿತು:

"ಹೋಗ್ಲಾ ದಸ್ತಗೀರಾ, ತಿರುಗಕ್ಕೆ ಬುಡಬ್ಯಾಡ!"

ಮೈದಾನದ ಗೋಡೆಯಾಚೆಯ ತೆಂಗಿನ ಮರಗಳಿಂದ ಹಣ್ಣುಗಾಯಿ ಉದುರಿದವು ಎಂದು ಹೇಳುವವರಿದ್ದಾರೆ; ಎಣಿಸಿದವರಿಲ್ಲ. ದಸ್ತಗೀರ್ ನುಗ್ಗಿ, ತಳ್ಳದೆ, ಅರುಣ್ ಕುಮಾರನ ಬೆನ್ನಿಗೆ ಅಂಟಿದ. ತಿರುಗಲಾರದೆ ಅವನು ಚೆಂಡನ್ನು ಒಂದೇ ಸ್ಪರ್ಶಕ್ಕೆ ದಸ್ತಗೀರ್ ಬಿಟ್ಟುಬಂದ ಬಯಲಿಗೆ ದಾಟಿಸಿದ. ಅಲ್ಲಿಗೆ ಓಡಿಬಂದ ತುರುವೇಕೆರೆಯವನಿಗೆ ಚೆಂಡು ಸಿಗಲಿಲ್ಲ, ಓಬಳೇಶ ಸಿಕ್ಕ. ಅವನು ಒದ್ದ ಚೆಂಡು ಶೆಟ್ಟಿಕೆರೆ ರಸ್ತೆಗೆ ಹೋಯಿತು.

"ನಿಮ್ಮಿಬ್ಬರನ್ನ ಬೇರೆ ಮಾಡಿದ್ರೆ ನನಗೇ ಬುದ್ಧಿ ಇಲ್ಲ," ಎಂದ ರಾಜಣ್ಣ, ಆಟ ಮುಗಿದ ಮೇಲೆ. ಓಬಳೇಶ ತಲೆ ತಗ್ಗಿಸಿ ಬಂದ.

"ತಪ್ಪು ತಿಳ್ಕೋಬೇಡಿ ಅಣ್ಣ."

"ಮುಂದಿನ ವಾರ ಇನ್ನೂ ಜೋರಾಗಿ ಅನ್ಬೇಕು ಕಣ್ಲಾ."

ಮನೆಗೆ ಬಂದ ದಸ್ತಗೀರ್, ಇಪ್ಪತ್ತೆರಡರ ಹುಡುಗ ಇಡೀ ಊರಿನ ಮುಂದೆ ತನ್ನನ್ನು 'ಹೋಗ್ಲಾ' ಎಂದು ಗದರಿದ್ದನ್ನು ಬಿರುದು ಸಿಕ್ಕವನಂತೆ ಎದೆಯುಬ್ಬಿಸಿ ಹೇಳಿದ. ಹೆಂಡತಿ ಶಾಹಿದಾ ಬೇಗಂ ಎಲ್ಲವನ್ನೂ ಕೇಳಿಸಿಕೊಂಡಳು.

"ಅವನು ಒಂದ್ಸಲ ಕೂಗಿದ್ದಕ್ಕೇ ಹೋದ್ರಾ? ನಾಳೆ ಬೆಳಿಗ್ಗೆ ಅವನ್ನ ಕರೀರಿ. ನಿಮ್ಮನ್ನ ಎಬ್ಬಿಸೋ ಕೆಲಸ ಇದೆ."